ಉಂಗುರ, ದಂಡ ಮತ್ತು ವಿಜಾಪುರದ ಬಿಷಪ್

ಬಿಷಪ್ಪನನ್ನು ನೇಮಿಸುವ ಹಕ್ಕು ಪೋಪರದೋ ಅರಸನದೋ ಎಂಬ ವ್ಯಾಜ್ಯವು ಮಧ್ಯಯುಗದ ಯುರೋಪನ್ನು ಸುಮಾರು ಅರ್ಧ ಶತಮಾನ ಕಾಡಿತು. ಬಿಷಪ್ಪನು ಧರ್ಮಗುರುವೂ ಹೌದು, ವಿಶಾಲ ಭೂಮಿಯ ಒಡೆಯನೂ ಹೌದು. ಆದುದರಿಂದ ಅರಸನೇ ಅವನಿಗೆ ಗುರುಪದವಿಯ ಚಿಹ್ನೆಗಳಾದ ಉಂಗುರ, ದಂಡಗಳನ್ನು ಕೊಡುತ್ತಿದ್ದನು. 1122ರ ವರ್ಮ್ಸ್ ಒಪ್ಪಂದದಲ್ಲಿ ಚಕ್ರವರ್ತಿ ಐದನೆಯ ಹೆನ್ರಿಯು ಅವೆರಡನ್ನೂ ಬಿಟ್ಟುಕೊಟ್ಟನು; ಭೂಮಿಯ ಅಧಿಕಾರಕ್ಕೆ ಗುರುತಾದ ರಾಜದಂಡವನ್ನು ನೀಡುವ ಹಕ್ಕನ್ನು ಮಾತ್ರ ಉಳಿಸಿಕೊಂಡನು.

ಇದೇ ವ್ಯಾಜ್ಯ ಮುಂದೆ ನಮ್ಮ ವಿಜಾಪುರ ಸೀಮೆಗೂ ಬಂದಿತು. ಮತಪ್ರಸಾರದ ವೆಚ್ಚವನ್ನು ಹೊತ್ತ ಪೋರ್ತುಗಲ್ಲಿನ ಅರಸನಿಗೆ, ಪೂರ್ವದೇಶಗಳ ಬಿಷಪ್ಪರನ್ನು ಸೂಚಿಸುವ ಹಕ್ಕನ್ನು ಪೋಪರೇ ಕೊಟ್ಟಿದ್ದರು. ಅದಕ್ಕೆ ‘ಪದ್ರುವಾದೊ’ ಎಂದು ಹೆಸರು. ಗೋವೆಯ ಬ್ರಾಹ್ಮಣ ಮೂಲದ ಮತೇವುಸ್ ದ ಕಾಸ್ತ್ರೊ ಎಂಬಾತನಿಗೆ ಅಲ್ಲಿ ಪಾದ್ರಿದೀಕ್ಷೆ ದೊರೆಯಲಿಲ್ಲ. ಆತ ರೋಮಿಗೆ ಹೋಗಿ ದೀಕ್ಷೆ ಪಡೆದನು. 1637ರಲ್ಲಿ ರೋಮು ಆತನನ್ನು ಆದಿಲಶಾಹಿ ರಾಜ್ಯಕ್ಕೆ ಬಿಷಪ್ಪನಾಗಿ ನೇಮಿಸಿತು. ಇಲ್ಲಿಯ ಉಪಾಯವನ್ನು ಗಮನಿಸಿರಿ: ಆತನಿಗೆ ವಿಜಾಪುರದ ಪೀಠವನ್ನು ಕೊಡಲಿಲ್ಲ, ಎಂದೋ ಅಳಿದುಹೋದ ಕ್ರಿಸೊಪೊಲಿಸ್ ಪೀಠದ ಹೆಸರನ್ನು ಕೊಟ್ಟು, ಇಲ್ಲಿಗೆ ಪೋಪರ ಪ್ರತಿನಿಧಿಯಾಗಿ ಮಾತ್ರ ಕಳುಹಿಸಿದರು. ಹೊಸ ಪೀಠವೇ ಇಲ್ಲವಾದುದರಿಂದ ಅರಸನ ಹಕ್ಕು ಕಾಗದದಲ್ಲಿ ಮುರಿಯಲಿಲ್ಲ. ಗೋವೆಯವರು ಒಪ್ಪಲಿಲ್ಲ, ಕಾಸ್ತ್ರೊ ಗೋವೆಯ ಗಡಿಯಾಚೆ, ಆದಿಲಶಾಹಿಯ ಡಿಚೋಲಿಯಲ್ಲಿ ನೆಲೆಸಿದನು.

ಈ ಹಕ್ಕಿನ ಕೊನೆಯ ಎಳೆ ಬಹುಕಾಲ ಉಳಿಯಿತು. 1886ರ ಒಪ್ಪಂದದಂತೆ, ಮಂಗಳೂರಿನ ಬಿಷಪ್ ಪದವಿಗೆ ಬಂದ ಮೂರು ಹೆಸರುಗಳಲ್ಲಿ ಒಂದನ್ನು ಆರಿಸುವ ಅಧಿಕಾರ ಪೋರ್ತುಗಲ್ಲಿಗಿತ್ತು. ಅದನ್ನು ಆ ದೇಶವು ಬಿಟ್ಟುಕೊಟ್ಟದ್ದು 1950ರಲ್ಲಿ.