ಸೇವೆಯಲ್ಲಿರುವಾಗ ಮೃತಪಟ್ಟ ನೌಕರರ ಉಪದಾನ ಮತ್ತು ನಾಮನಿರ್ದೇಶನ

ದಿನಾಂಕ 21-11-2025ರಿಂದ ಜಾರಿಯಲ್ಲಿರುವ ಸಾಮಾಜಿಕ ಭದ್ರತಾ ಸಂಹಿತೆ, 2020ರನ್ವಯ, ಕಾರ್ಖಾನೆಯ ನೌಕರರು ಸೇವೆಯಲ್ಲಿರುವಾಗ ಮೃತಪಟ್ಟಲ್ಲಿ ಐದು ವರ್ಷಗಳ ಸೇವೆ ಪೂರ್ಣಗೊಂಡಿರದಿದ್ದರೂ ಉಪದಾನ (ಗ್ರಾಚ್ಯುಟಿ) ಪಾವತಿಸತಕ್ಕದ್ದು. ಈ ಮೊತ್ತವು ನಾಮನಿರ್ದೇಶಿತರಿಗೆ, ನಾಮನಿರ್ದೇಶನವಿಲ್ಲದಿದ್ದಲ್ಲಿ ವಾರಸುದಾರರಿಗೆ ಸಲ್ಲುತ್ತದೆ.

ಉದಾಹರಣೆ: ತಿಪಟೂರಿನ ಕೊಬ್ಬರಿ ಪುಡಿ ಕಾರ್ಖಾನೆಯ ನೌಕರರೊಬ್ಬರು 8 ವರ್ಷ 7 ತಿಂಗಳ ಸೇವೆಯ ನಂತರ ಮೃತಪಟ್ಟಿದ್ದು, ಕೊನೆಯ ಮಾಸಿಕ ವೇತನ ರೂ. 15,600 ಎಂದಿಟ್ಟುಕೊಳ್ಳಬಹುದು. ಆರು ತಿಂಗಳಿಗೆ ಮೀರಿದ ಅವಧಿಯನ್ನು ಪೂರ್ಣ ವರ್ಷವೆಂದು ಪರಿಗಣಿಸುವುದರಿಂದ ಸೇವೆ 9 ವರ್ಷಗಳಾಗುತ್ತದೆ. ವೇತನವನ್ನು 26ರಿಂದ ಭಾಗಿಸಿ 15ರಿಂದ ಗುಣಿಸಿದಲ್ಲಿ ವರ್ಷಕ್ಕೆ ರೂ. 9,000, ಒಟ್ಟು ರೂ. 81,000 ದೊರೆಯುತ್ತದೆ.

ತಂದೆತಾಯಿ ಇಲ್ಲದ ಇವರು ಅವಿವಾಹಿತರಾಗಿದ್ದಾಗ ಅಣ್ಣನನ್ನು ನಾಮನಿರ್ದೇಶನ ಮಾಡಿದ್ದರೆ, ವಿವಾಹವಾದೊಡನೆ ಅದು ಅಸಿಂಧುವಾಗುತ್ತದೆ. ಹೊಸ ನಾಮನಿರ್ದೇಶನ ಸಲ್ಲಿಸದಿದ್ದರೂ ಮೊತ್ತವು ವಾರಸುದಾರರಾದ ಪತ್ನಿ ಮತ್ತು ಮಕ್ಕಳಿಗೆ ಸೇರುತ್ತದೆ. ಅಪ್ರಾಪ್ತ ಮಕ್ಕಳ ಪಾಲನ್ನು ಸಕ್ಷಮ ಪ್ರಾಧಿಕಾರದಲ್ಲಿ ಠೇವಣಿ ಇಡಲಾಗುವುದು. ಉಪದಾನವು ಸಂದಾಯಯೋಗ್ಯವಾದ 30 ದಿನಗಳೊಳಗೆ ಮಾಲೀಕರು ಪಾವತಿಸತಕ್ಕದ್ದು.