ಮೊಬೈಲ್ ಪರದೆ ಟಿವಿಯಲ್ಲಿ ತಡವರಿಸಲು ಇಂಟರ್ನೆಟ್ ಸ್ಪೀಡ್ ಕಡಿಮೆ ಇರುವುದೇ ಕಾರಣವೇ?

"ಮೊಬೈಲ್ ಅನ್ನು ಟಿವಿಗೆ ಮಿರರ್ ಮಾಡಿದಾಗ ಚಿತ್ರ ನಿಂತು ನಿಂತು ಬರುತ್ತಿದೆಯೇ? ನಿಮ್ಮ ನೆಟ್ ಸ್ಲೋ ಇದೆ. ಕೂಡಲೇ ದೊಡ್ಡ ಪ್ಲ್ಯಾನ್‌ಗೆ ಬದಲಾಯಿಸಿ, ಇಲ್ಲವೇ ಈ ಬೂಸ್ಟರ್ ಆ್ಯಪ್ ಹಾಕಿಕೊಳ್ಳಿ." ಇಂಥ ಸಂದೇಶವೊಂದನ್ನು ಓದುಗರೊಬ್ಬರು ನಮಗೆ ಕಳುಹಿಸಿದ್ದರು. ಅದನ್ನು ನಂಬಿ ಅವರು 40 ಎಂಬಿಪಿಎಸ್ ಪ್ಲ್ಯಾನ್ ಬಿಟ್ಟು 150 ಎಂಬಿಪಿಎಸ್‌ನದ್ದನ್ನು ಹಾಕಿಸಿಕೊಂಡಿದ್ದರು. ಆದರೂ ಮಗಳ ಶಾಲಾ ವಾರ್ಷಿಕೋತ್ಸವದ ನೃತ್ಯವನ್ನು ಮನೆಯವರಿಗೆಲ್ಲ ಟಿವಿಯಲ್ಲಿ ತೋರಿಸಲು ಹೋದಾಗ ಕೆಲವು ಸೆಕೆಂಡಿಗೊಮ್ಮೆ ಚಿತ್ರ ನಿಲ್ಲುತ್ತಿತ್ತು, ಮತ್ತೆ ಜಿಗಿದು ಮುಂದಕ್ಕೆ ಹೋಗುತ್ತಿತ್ತು.

ಆ ವಿಡಿಯೊ ಇದ್ದದ್ದು ಅವರ ಫೋನಿನ ಗ್ಯಾಲರಿಯಲ್ಲೇ. ಅದನ್ನು ಟಿವಿಗೆ ಕಳುಹಿಸಲು ಇಂಟರ್ನೆಟ್ಟೇ ಬೇಕಿಲ್ಲ. ಹಾಗಾದರೆ ತೊಂದರೆ ಎಲ್ಲಿತ್ತು?

ಮಿರರ್ ಮಾಡಿದಾಗ ಆಗುವುದೇನು?

ಪರದೆಯಲ್ಲಿ ಮೂಡುವ ಪ್ರತಿ ಚಿತ್ರವನ್ನೂ ಫೋನ್ ಸೆರೆಹಿಡಿದು, ಕುಗ್ಗಿಸಿ, ವೈ-ಫೈ ಅಲೆಗಳ ಮೂಲಕ ಟಿವಿಗೆ ಎಸೆಯುತ್ತದೆ. ಟಿವಿ ಅದನ್ನು ಬಿಡಿಸಿ ತೋರಿಸುತ್ತದೆ. ಸೆಕೆಂಡಿಗೆ 30 ಚಿತ್ರಗಳೆಂದು ಹಿಡಿದರೂ ಒಂದೊಂದು ಚಿತ್ರಕ್ಕೆ ಸಿಗುವ ಸಮಯ ಸುಮಾರು 33 ಮಿಲಿಸೆಕೆಂಡ್. ಸೆರೆಹಿಡಿಯುವುದು, ಕುಗ್ಗಿಸುವುದು, ಬಿಡಿಸುವುದು ಎಲ್ಲಕ್ಕೂ ಸ್ವಲ್ಪ ಸ್ವಲ್ಪ ಸಮಯ ಬೇಕು. ಹಾಗಾಗಿ ಫೋನಿಗಿಂತ ಟಿವಿ ಒಂದಿಷ್ಟು ಹಿಂದೆ ಇದ್ದೇ ಇರುತ್ತದೆ. ಸಿನಿಮಾ ನೋಡುವಾಗ ಧ್ವನಿಯೂ ಚಿತ್ರವೂ ಒಟ್ಟಿಗೇ ತಡವಾಗಿ ಬರುವುದರಿಂದ ಇದು ಗೊತ್ತಾಗುವುದಿಲ್ಲ. ಟಿವಿ ನೋಡುತ್ತಾ ಫೋನಿನಲ್ಲಿ ಗೇಮ್ ಆಡಿದರೆ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಟಿವಿಯ ಸೆಟ್ಟಿಂಗ್ಸ್‌ನಲ್ಲಿ ಗೇಮ್ ಮೋಡ್ ಇದ್ದರೆ ಅದನ್ನು ಹಾಕಿ ಈ ಅಂತರವನ್ನು ಒಂದಿಷ್ಟು ತಗ್ಗಿಸಬಹುದು, ಪೂರ್ತಿ ಇಲ್ಲವಾಗಿಸಲು ಆಗದು.

ಒಂದೇ ಸಮನಾದ ಈ ಅಂತರ ದೋಷವಲ್ಲ. ನಿಂತು ನಿಂತು ಬರುವುದು, ಚಿತ್ರ ಚೌಕಚೌಕವಾಗಿ ಒಡೆಯುವುದು, ಸಂಪರ್ಕವೇ ಕಡಿದುಹೋಗುವುದು ದೋಷಗಳು. ಕುಗ್ಗಿಸಿದ ವಿಡಿಯೊದಲ್ಲಿ ಹೆಚ್ಚಿನ ಚಿತ್ರಗಳು ಪೂರ್ತಿ ಚಿತ್ರಗಳಲ್ಲ, ಹಿಂದಿನದಕ್ಕಿಂತ ಏನು ಬದಲಾಯಿತು ಎಂಬ ಲೆಕ್ಕ ಮಾತ್ರ. ನಡುವೆ ಒಂದು ತುಂಡು ದಾರಿಯಲ್ಲಿ ಕಳೆದುಹೋದರೆ ಮುಂದಿನ ಪೂರ್ತಿ ಚಿತ್ರ ಬರುವವರೆಗೂ ಟಿವಿ ತಪ್ಪಿನ ಮೇಲೇ ತಪ್ಪನ್ನು ಕಟ್ಟುತ್ತಾ ಹೋಗುತ್ತದೆ. ಮುಖದ ಮೇಲೆ ಬಣ್ಣ ಕಲಸಿದಂತೆ ಕಾಣುವುದು ಇದರಿಂದಲೇ.

ಮೊದಲು ಫೋನ್ ನೋಡಿ

ಟಿವಿಯಲ್ಲಿ ಚಿತ್ರ ನಿಂತ ಕ್ಷಣ ಕೈಯಲ್ಲಿರುವ ಫೋನ್ ನೋಡಿ. ಫೋನಿನಲ್ಲೂ ವಿಡಿಯೊ ನಿಂತು ಚಕ್ರ ತಿರುಗುತ್ತಿದ್ದರೆ ಇಂಟರ್ನೆಟ್ ಮೇಲೆ ಅನುಮಾನ ಪಡಬಹುದು. ಫೋನಿನಲ್ಲಿ ಸರಾಗವಾಗಿ ಓಡುತ್ತಿದ್ದು ಟಿವಿಯಲ್ಲಿ ಮಾತ್ರ ನಿಂತಿದ್ದರೆ ತೊಂದರೆ ಇರುವುದು ಫೋನಿನಿಂದ ಟಿವಿಯವರೆಗಿನ ದಾರಿಯಲ್ಲಿ. ಆಗ ಎಷ್ಟು ದೊಡ್ಡ ಪ್ಲ್ಯಾನ್ ಹಾಕಿದರೂ ಪ್ರಯೋಜನವಿಲ್ಲ.

ಯೂಟ್ಯೂಬ್‌ನಂಥ ಆ್ಯಪ್ ಒಳಗಿನ ಕಾಸ್ಟ್ ಗುರುತು ಒತ್ತಿದಾಗ ಆಗುವುದು ಮಿರರಿಂಗ್ ಅಲ್ಲ. ಅಲ್ಲಿ ಫೋನ್ ವಿಡಿಯೊದ ವಿಳಾಸವನ್ನಷ್ಟೇ ಹೇಳುತ್ತದೆ, ಟಿವಿ ತಾನೇ ಇಂಟರ್ನೆಟ್‌ನಿಂದ ವಿಡಿಯೊ ತರಿಸಿಕೊಳ್ಳುತ್ತದೆ. ಆದ್ದರಿಂದ ಅಲ್ಲಿ ನೆಟ್ ಸ್ಪೀಡ್ ಮುಖ್ಯವಾಗುತ್ತದೆ. ಬಹುಶಃ ಇವೆರಡನ್ನೂ ಒಂದೇ ಎಂದುಕೊಂಡಿದ್ದರಿಂದಲೇ ಈ ಸಂದೇಶ ಹುಟ್ಟಿರಬೇಕು.

ಆ ಮನೆಯಲ್ಲಿ ಆಗಿದ್ದೇನು?

ನಮ್ಮ ಓದುಗರ ಫೋನ್ ಬಳಸುತ್ತಿದ್ದದ್ದು ಮಿರಾಕಾಸ್ಟ್ ಎಂಬ ವಿಧಾನ. 2012ರಲ್ಲಿ ಬಂದ ಇದರಲ್ಲಿ ಫೋನ್ ಸಾಮಾನ್ಯವಾಗಿ ರೂಟರ್ ಮೂಲಕ ಹೋಗದೆ, ವೈ-ಫೈ ಡೈರೆಕ್ಟ್ ಮೂಲಕ ಟಿವಿಯ ಜೊತೆ ನೇರ ಸಂಪರ್ಕ ಬೆಳೆಸುತ್ತದೆ. ಅದೇ ಹೊತ್ತಿನಲ್ಲಿ ಫೋನ್ ಮನೆಯ ರೂಟರ್‌ಗೂ ಅಂಟಿಕೊಂಡಿರುತ್ತದೆ. ಅವರ ಫೋನ್ ರೂಟರ್‌ನ 5 ಗಿಗಾಹರ್ಟ್ಸ್ ಜಾಲದಲ್ಲಿತ್ತು. ಟಿವಿಗೆ ಗೊತ್ತಿದ್ದದ್ದು 2.4 ಗಿಗಾಹರ್ಟ್ಸ್ ಮಾತ್ರ. ಎರಡು ಜಾಲಗಳಲ್ಲಿ ಒಮ್ಮೆಗೇ ಮಾತಾಡುವ ಸಾಮರ್ಥ್ಯ ಕೆಲವು ಫೋನ್‌ಗಳಿಗಿದೆ, ಅವರದಕ್ಕೆ ಇರಲಿಲ್ಲ. ಅದು ಸ್ವಲ್ಪ ಹೊತ್ತು ಟಿವಿಯ ಕಡೆ, ಸ್ವಲ್ಪ ಹೊತ್ತು ರೂಟರ್ ಕಡೆ ತಿರುಗುತ್ತಿತ್ತು. ಎರಡು ಒಲೆಗಳ ನಡುವೆ ಒಬ್ಬರೇ ಓಡಾಡಿದಂತೆ. ರೂಟರ್ ಕಡೆ ಹೋದಾಗಲೆಲ್ಲ ಟಿವಿಗೆ ಚಿತ್ರವಿಲ್ಲ. ಅದರ ಮೇಲೆ, ವಾರ್ಷಿಕೋತ್ಸವದ ಫೋಟೊಗಳೆಲ್ಲ ಹಿನ್ನೆಲೆಯಲ್ಲಿ ಬ್ಯಾಕಪ್ ಆಗುತ್ತಿದ್ದವು!

ಇದನ್ನು ಕಂಡುಹಿಡಿದದ್ದು ಹೀಗೆ. ವೈ-ಫೈ ಆಫ್ ಮಾಡದೆ, ರೂಟರ್‌ನ ಸಂಪರ್ಕವನ್ನು ಮಾತ್ರ ಕಡಿದುಕೊಳ್ಳಿ ಎಂದೆವು. ಗ್ಯಾಲರಿಯ ಅದೇ ವಿಡಿಯೊ ಸರಾಗವಾಗಿ ಓಡಿತು. ಬಳಿಕ ಫೋನನ್ನು ರೂಟರ್‌ನ 2.4 ಗಿಗಾಹರ್ಟ್ಸ್ ಹೆಸರಿಗೆ ಸೇರಿಸಿ ಮತ್ತೆ ಮಿರರ್ ಮಾಡಿಸಿದೆವು. ಇಂಥ ಸಂದರ್ಭದಲ್ಲಿ ಬಹಳಷ್ಟು ಫೋನ್‌ಗಳು ಟಿವಿಯ ಸಂಪರ್ಕವನ್ನೂ ರೂಟರ್ ಇರುವ ಚಾನೆಲ್‌ನಲ್ಲೇ ಕಟ್ಟುತ್ತವೆ, ಅತ್ತಿತ್ತ ಓಡಾಟ ನಿಲ್ಲುತ್ತದೆ. ಬ್ಯಾಕಪ್ ನಿಲ್ಲಿಸಿದ ಮೇಲೆ ನೃತ್ಯ ಕೊನೆಯವರೆಗೂ ಎಲ್ಲೂ ನಿಲ್ಲಲಿಲ್ಲ.

ಆದರೆ 2.4ಕ್ಕೆ ಬರುವುದೇ ಎಲ್ಲರಿಗೂ ಪರಿಹಾರವಲ್ಲ. ಅಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಅಪಾರ್ಟ್‌ಮೆಂಟಿನ ಅಕ್ಕಪಕ್ಕದ ಮನೆಯವರೂ ಅವನ್ನೇ ಬಳಸುತ್ತಾರೆ. ಬ್ಲೂಟೂತ್ ಇಯರ್‌ಫೋನ್, ಮೈಕ್ರೊವೇವ್ ಒಲೆ ಕೂಡ ಅಲ್ಲೇ ಗದ್ದಲ ಮಾಡುತ್ತವೆ. ರಾತ್ರಿ ಎಂಟು ಗಂಟೆಗೆ ಕೆಟ್ಟು, ಬೆಳಗಿನ ಜಾವ ಚೆನ್ನಾಗಿ ಬಂದರೆ ಈ ಗದ್ದಲವೇ ಕಾರಣವಿರಬಹುದು. ಟಿವಿಗೆ 5 ಗಿಗಾಹರ್ಟ್ಸ್ ಗೊತ್ತಿದ್ದರೆ ಫೋನ್, ಟಿವಿ ಎರಡನ್ನೂ ಅಲ್ಲೇ ಇಡುವುದು ಮೇಲು. ಗೋಡೆಗಳು ಅದನ್ನು ಬೇಗ ತಡೆಯುತ್ತವೆ, ಆದ್ದರಿಂದ ಒಂದೇ ಕೋಣೆಯಲ್ಲಿರಬೇಕು.

ರೂಟರ್ ಮೂಲಕ ಹೋಗುವ ವಿಧಾನ

ಗೂಗಲ್ ಕಾಸ್ಟ್‌ನಲ್ಲಿ ಸಾಮಾನ್ಯವಾಗಿ ದಾರಿ ಬೇರೆ. ಫೋನ್ ಚಿತ್ರವನ್ನು ರೂಟರ್‌ಗೆ ಕೊಡುತ್ತದೆ, ರೂಟರ್ ಟಿವಿಗೆ ಕೊಡುತ್ತದೆ. ಎರಡೂ ಒಂದೇ ಜಾಲದಲ್ಲಿದ್ದರೆ ಒಂದೇ ಚಿತ್ರ ಗಾಳಿಯಲ್ಲಿ ಎರಡು ಸಲ ಪ್ರಯಾಣ ಮಾಡಿದಂತಾಗುತ್ತದೆ. ನಿಮ್ಮದು ಯಾವ ವಿಧಾನ ಎಂಬ ಗೊಂದಲವಿದ್ದರೆ ಮಿರರ್ ಆಗುತ್ತಿರುವಾಗ ರೂಟರ್ ಸ್ವಿಚ್ ಆಫ್ ಮಾಡಿ ನೋಡಿ. ಚಿತ್ರ ಮುಂದುವರಿದರೆ ನೇರ ಸಂಪರ್ಕ, ನಿಂತರೆ ರೂಟರ್ ಮೂಲಕದ್ದು. ಈ ಎರಡನೆಯದರಲ್ಲಿ ಟಿವಿಗೆ ಲ್ಯಾನ್ ಕೇಬಲ್ ಹಾಕಿದರೆ ಗಾಳಿಯಲ್ಲಿನ ಒಂದು ಪ್ರಯಾಣ ಉಳಿಯುತ್ತದೆ. ಐದು ಮೀಟರ್ ಕೇಬಲ್‌ನ ಬೆಲೆ ಹೊಸ ಪ್ಲ್ಯಾನ್‌ನ ಮುಂದೆ ಏನೂ ಅಲ್ಲ.

ಸಂಪರ್ಕ ಪೂರ್ತಿ ಕಡಿದುಹೋಗುತ್ತಿದ್ದರೆ ಬ್ಯಾಟರಿ ಸೇವರ್ ಆಫ್ ಮಾಡಿ, ಪರದೆ ಲಾಕ್ ಆಗುವ ಸಮಯ ಹೆಚ್ಚಿಸಿ. ವಿದ್ಯುತ್ ಉಳಿಸಲು ಫೋನೇ ಸಂಪರ್ಕವನ್ನು ಮುಚ್ಚಿರಬಹುದು.

ಆ ಬೂಸ್ಟರ್ ಆ್ಯಪ್?

ಫೋನಿನ ವೈ-ಫೈ ರೇಡಿಯೊ ಯಾವಾಗ ಯಾವ ಚಾನೆಲ್‌ಗೆ ತಿರುಗಬೇಕು ಎಂದು ನಿರ್ಧರಿಸುವುದು ಫೋನಿನ ಚಿಪ್ ಮತ್ತು ಅದರ ಡ್ರೈವರ್. ಹೊರಗಿನ ಆ್ಯಪ್‌ಗೆ ಅಲ್ಲಿ ಕೈಹಾಕಲು ಅವಕಾಶವಿಲ್ಲ. ಸಂದೇಶದಲ್ಲಿದ್ದ ಲಿಂಕ್ ಪ್ಲೇ ಸ್ಟೋರ್‌ಗೆ ಹೋಗದೆ ನೇರವಾಗಿ ಎಪಿಕೆ ಫೈಲ್ ಇಳಿಸುತ್ತಿತ್ತು, ಪರದೆ ಸೆರೆಹಿಡಿಯುವ ಅನುಮತಿಯನ್ನೂ ಆಕ್ಸೆಸಿಬಿಲಿಟಿ ಅನುಮತಿಯನ್ನೂ ಕೇಳುತ್ತಿತ್ತು. ಮೊದಲನೆಯದು ಕೊಟ್ಟರೆ ಪರದೆಯ ಮೇಲೆ ಬರುವ ಒಟಿಪಿಯನ್ನೂ ಆ್ಯಪ್ ನೋಡಬಲ್ಲದು, ಎರಡನೆಯದು ಕೊಟ್ಟರೆ ನಿಮ್ಮ ಪರವಾಗಿ ಬಟನ್ ಒತ್ತಬಲ್ಲದು. ಅದನ್ನು ಈಗಾಗಲೇ ಹಾಕಿಕೊಂಡಿದ್ದರೆ ಮೊದಲು ಸೆಟ್ಟಿಂಗ್ಸ್‌ನ Accessibility ವಿಭಾಗಕ್ಕೆ ಹೋಗಿ ಅದರ ಅನುಮತಿ ತೆಗೆಯಿರಿ, ಆಮೇಲೆ ಅನ್‌ಇನ್‌ಸ್ಟಾಲ್ ಮಾಡಿ. ಬಳಿಕ ಬೇರೊಂದು ಫೋನಿನಿಂದ ಬ್ಯಾಂಕ್ ಮತ್ತು ಇ-ಮೇಲ್ ಪಾಸ್‌ವರ್ಡ್ ಬದಲಿಸಿ. ನಮ್ಮ ಓದುಗರು ಅನುಮತಿ ಕೇಳುವ ಹಂತದಲ್ಲೇ ಅನುಮಾನ ಬಂದು ನಿಲ್ಲಿಸಿದ್ದರು. ಮುಂದಿನ ತಿಂಗಳಿನಿಂದ ಮತ್ತೆ 40 ಎಂಬಿಪಿಎಸ್‌ಗೇ ಮರಳುತ್ತಿದ್ದಾರೆ.