ಅಮೋನಿಯಂ ಅಸಿಟೇಟ್ ವಿಧಾನ: ಮಣ್ಣಿನ ಧನ ಅಯಾನು ವಿನಿಮಯ ಸಾಮರ್ಥ್ಯದ ಅಳತೆ

ಮಣ್ಣಿನ ಜೇಡಿಕಣಗಳ ಮತ್ತು ಹ್ಯೂಮಸ್‌ನ ಮೈಮೇಲೆ ಋಣ ವಿದ್ಯುದಂಶವಿರುತ್ತದೆ. ಅದಕ್ಕೆ ಅಂಟಿಕೊಂಡ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಮೊದಲಾದ ಧನ ಅಯಾನುಗಳು ನೀರಿಗೆ ಸುಲಭವಾಗಿ ಬಿಟ್ಟುಬರುವುದಿಲ್ಲ. ಬೇರೊಂದು ಧನ ಅಯಾನು ಬಂದರೆ ಮಾತ್ರ ಜಾಗ ಬಿಡುತ್ತವೆ. ಹೀಗೆ ಅದಲುಬದಲಾಗಬಲ್ಲ ಅಯಾನುಗಳನ್ನು ಮಣ್ಣು ಒಟ್ಟು ಎಷ್ಟು ಹಿಡಿದುಕೊಳ್ಳಬಲ್ಲದು ಎಂಬುದೇ ಅದರ ಧನ ಅಯಾನು ವಿನಿಮಯ ಸಾಮರ್ಥ್ಯ. ಹಳೆಯ ವರದಿಗಳಲ್ಲಿ ಇದು 100 ಗ್ರಾಂ ಮಣ್ಣಿಗೆ ಇಷ್ಟು ಮಿಲಿ ಇಕ್ವಿವಲೆಂಟ್ ಎಂದೂ ಇಂದು ಕಿಲೋಗ್ರಾಮಿಗೆ ಇಷ್ಟು ಸೆಂಟಿಮೋಲ್ ವಿದ್ಯುದಂಶ ಎಂದೂ ನಮೂದಾಗುತ್ತದೆ. ಎರಡರಲ್ಲೂ ಸಂಖ್ಯೆ ಒಂದೇ.

ಮೈಸೂರಿನ ಸುತ್ತ ಈ ಅಳತೆಗೆ ಎರಡು ಬಗೆಯ ಮಣ್ಣು ಎದುರಾಗುತ್ತದೆ. ಗ್ರಾನೈಟ್ ಮತ್ತು ನೈಸ್ ಶಿಲೆಗಳು ಶಿಥಿಲವಾಗಿ ಆದ ಕೆಂಪು ಮಣ್ಣಿನಲ್ಲಿ ಸಾಮರ್ಥ್ಯ ಕಡಿಮೆ, ಸುಣ್ಣವೂ ಕಡಿಮೆ. ವಿಧಾನ ಅಲ್ಲಿ ತಕರಾರಿಲ್ಲದೆ ನಡೆಯುತ್ತದೆ. ನಂಜನಗೂಡು, ತಿರುಮಕೂಡಲು ನರಸೀಪುರ, ಚಾಮರಾಜನಗರದ ಕಡೆಯ ತಗ್ಗು ನೆಲದ ಎರೆಮಣ್ಣಿನಲ್ಲಿ ಸುಣ್ಣದ ಹರಳುಗಳಿರುತ್ತವೆ, ಕಾಲುವೆ ನೀರು ನಿಂತ ಕಡೆ ಲವಣವೂ ಏರಿ ನೆಲ ಚೌಳಾಗುತ್ತದೆ. ವಿಧಾನದ ಚರಿತ್ರೆಯ ಬಹುಪಾಲು ಈ ಎರಡನೆಯ ಬಗೆಯ ಮಣ್ಣಿನೊಂದಿಗೆ ನಡೆದ ಸೆಣಸಾಟವೇ ಆಗಿದೆ.

ವಿನಿಮಯದ ಗುಣವನ್ನು ಮೊದಲು ವರದಿ ಮಾಡಿದವರು ಇಂಗ್ಲೆಂಡಿನ ಎಚ್. ಎಸ್. ಥಾಂಪ್ಸನ್ ಮತ್ತು ಜೆ. ಥಾಮಸ್ ವೇ. ಮಣ್ಣಿನ ಮೂಲಕ ಅಮೋನಿಯಂ ಸಲ್ಫೇಟ್ ದ್ರಾವಣ ಇಳಿಸಿದರೆ ಕೆಳಗೆ ಕ್ಯಾಲ್ಸಿಯಂ ಸಲ್ಫೇಟ್ ಬರುತ್ತದೆ, ಅಮೋನಿಯಂ ಮಣ್ಣಿನಲ್ಲೇ ಉಳಿಯುತ್ತದೆ ಎಂಬುದನ್ನು ಇಬ್ಬರೂ 1850ರಲ್ಲಿ ಪ್ರಕಟಿಸಿದರು. ಅದು ಅಳತೆಯ ರೂಪ ಪಡೆಯಲು ಮುಕ್ಕಾಲು ಶತಮಾನವೇ ಹಿಡಿಯಿತು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರು ಹೆಬ್ಬಾಳದಲ್ಲಿ 30 ಎಕರೆ ನೆಲ ಕೊಟ್ಟು, ಡಾ. ಲೇಮನ್ ಅವರ ಕೈಯಲ್ಲಿ ಮೈಸೂರು ಸಂಸ್ಥಾನದ ಮಣ್ಣು ಮತ್ತು ಬೆಳೆಗಳ ಪ್ರಯೋಗ ಆರಂಭವಾದಾಗ, ಪ್ರಪಂಚದ ಪ್ರಯೋಗಾಲಯಗಳು ಬಹುಮಟ್ಟಿಗೆ ಮಣ್ಣನ್ನು ಕಟು ಆಮ್ಲದಲ್ಲಿ ಕುದಿಸಿ ಕರಗಿದ್ದನ್ನೆಲ್ಲ ಎಣಿಸುತ್ತಿದ್ದವು. ಹಾಗೆ ಬಂದ ಸುಣ್ಣದಲ್ಲಿ ಜೇಡಿಗೆ ಅಂಟಿದ್ದೆಷ್ಟು, ಕಲ್ಲಾಗಿ ಕೂತಿದ್ದೆಷ್ಟು ಎಂದು ಬೇರ್ಪಡಿಸುವ ದಾರಿ ಅದರಲ್ಲಿರಲಿಲ್ಲ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯಾದ ಗೆಡ್ರಾಯ್ಟ್ಸ್ ಮತ್ತು ನೆದರ್‌ಲ್ಯಾಂಡ್ಸಿನ ಹಿಸ್ಸಿಂಕ್ ತಟಸ್ಥ ಲವಣಗಳಿಂದ ಅಯಾನುಗಳನ್ನು ಹೊರದೂಡುವ ಪದ್ಧತಿಗಳನ್ನು ರೂಪಿಸಿದರು. ಸುಣ್ಣದ ಮಣ್ಣಿಗೆ ಹಿಸ್ಸಿಂಕ್ ಕಂಡುಕೊಂಡ ತಿದ್ದುಪಡಿ ಜಾಣತನದ್ದು. ಉಪ್ಪಿನ ದ್ರಾವಣವನ್ನು ಒಂದು ಲೀಟರಿನಂತೆ ಎರಡು ಸಲ ಇಳಿಸುವುದು. ಮೊದಲ ಲೀಟರಿನಲ್ಲಿ ವಿನಿಮಯದ ಕ್ಯಾಲ್ಸಿಯಂ ಮತ್ತು ಕರಗಿದ ಸುಣ್ಣ ಎರಡೂ ಬರುತ್ತವೆ, ಎರಡನೆಯದರಲ್ಲಿ ಕರಗಿದ ಸುಣ್ಣ ಮಾತ್ರ ಎಂದು ಭಾವಿಸಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯುವುದು. ಎರಡು ಲೀಟರಿನಲ್ಲೂ ಸುಣ್ಣ ಸಮನಾಗಿ ಕರಗುತ್ತದೆಂಬ ಊಹೆಯ ಮೇಲೆ ಇಡೀ ಲೆಕ್ಕ ನಿಂತಿತ್ತು. ನುಣ್ಣಗಿನ ಸುಣ್ಣ ಮೊದಲೇ ಕರಗಿ ಮುಗಿಯುವ ಮಣ್ಣಿನಲ್ಲಿ ಆ ಊಹೆ ಕೈಕೊಡುತ್ತದೆ.

ಅಮೋನಿಯಂ ಅಸಿಟೇಟನ್ನು ಬಳಕೆಗೆ ತಂದವರು ಅಮೆರಿಕದ ಓಹಾಯೋ ಕೃಷಿ ಪ್ರಯೋಗ ಕೇಂದ್ರದ ಸಿ. ಜೆ. ಶೋಲೆನ್‌ಬರ್ಗರ್. 1927ರಲ್ಲಿ ಮೊದಲ ಟಿಪ್ಪಣಿ ಬಂತು, 1930ರಲ್ಲಿ ಡ್ರೈಬೆಲ್ಬಿಸ್ ಜೊತೆಗೂಡಿ ವಿವರಗಳು ಬಂದವು, 1945ರಲ್ಲಿ ಸೈಮನ್ ಜೊತೆ ಪ್ರಕಟಿಸಿದ ರೂಪ ಪ್ರಮಾಣವಾಯಿತು. ಈ ಲವಣವನ್ನೇ ಆರಿಸಲು ಕಾರಣಗಳಿದ್ದವು. ಇದರ 1 ನಾರ್ಮಲ್ ದ್ರಾವಣವನ್ನು ಪಿಎಚ್ 7ಕ್ಕೆ ಸರಿಯಾಗಿ ಹೊಂದಿಸಬಹುದು. ಶೋಧಿಸಿದ ದ್ರವವನ್ನು ಆವಿ ಮಾಡಿ ಕಾಯಿಸಿದರೆ ಅಮೋನಿಯಂ, ಅಸಿಟೇಟ್ ಎರಡೂ ಹಾರಿಹೋಗಿ, ಮಣ್ಣಿನಿಂದ ಬಂದ ಕ್ಯಾಲ್ಸಿಯಂ, ಮೆಗ್ನೀಸಿಯಂಗಳಷ್ಟೇ ತಳದಲ್ಲಿ ಉಳಿಯುತ್ತವೆ. ಮಣ್ಣಿನಲ್ಲಿ ಕೂತ ಅಮೋನಿಯಂ ಅನ್ನು ಬಟ್ಟಿ ಇಳಿಸಿ ಅಳೆಯುವ ಸಲಕರಣೆ ಸಾರಜನಕದ ಪರೀಕ್ಷೆಗಾಗಿ ಎಲ್ಲ ಪ್ರಯೋಗಾಲಯದಲ್ಲೂ ಆಗಲೇ ಇತ್ತು. ಭಾರತದಲ್ಲಿ ಈ ವಿಧಾನ ಹರಡಿದ್ದು ಹೆಚ್ಚಾಗಿ ಪೈಪರ್ (1942) ಮತ್ತು ಜಾಕ್ಸನ್ (1958) ಅವರ ಪಠ್ಯಗಳ ಮೂಲಕ.

ಕೆಲಸ ಮೂರು ಹಂತದಲ್ಲಿ ನಡೆಯುತ್ತದೆ: ತುಂಬುವುದು, ತೊಳೆಯುವುದು, ಹೊರದೂಡುವುದು. ಸುಮಾರು 57 ಮಿಲಿಲೀಟರ್ ಗ್ಲೇಸಿಯಲ್ ಅಸಿಟಿಕ್ ಆಮ್ಲ ಮತ್ತು 68 ಮಿಲಿಲೀಟರ್ ಕಟು ಅಮೋನಿಯಾವನ್ನು ನೀರಿನಲ್ಲಿ ಬೆರೆಸಿ, ಪಿಎಚ್ 7ಕ್ಕೆ ತಂದು, ಒಂದು ಲೀಟರ್ ಮಾಡಿದರೆ ದ್ರಾವಣ ಸಿದ್ಧ. ಮಣ್ಣನ್ನು ಅದರಲ್ಲಿ ರಾತ್ರಿಯಿಡೀ ನೆನೆಸಿ, ಮರುದಿನ ಹೊಸ ದ್ರಾವಣವನ್ನು ಸ್ವಲ್ಪ ಸ್ವಲ್ಪವೇ ಹುಯ್ಯುತ್ತ ಶೋಧಿಸಲಾಗುತ್ತದೆ. ಈ ಶೋಧಿತ ದ್ರವದಲ್ಲಿ ಹೊರಬಂದ ಅಯಾನುಗಳಿರುತ್ತವೆ, ಅದನ್ನು ತೆಗೆದಿಡಬೇಕು. ಬಳಿಕ ಕಣಗಳ ನಡುವೆ ಸಿಕ್ಕಿಕೊಂಡ ಹೆಚ್ಚುವರಿ ದ್ರಾವಣವನ್ನು ಸ್ಪಿರಿಟ್ ಅಥವಾ ಐಸೋಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆಯಲಾಗುತ್ತದೆ. ಕೊನೆಗೆ ಆಮ್ಲ ಬೆರೆಸಿದ 10 ಶೇಕಡಾ ಸೋಡಿಯಂ ಕ್ಲೋರೈಡ್ ಹುಯ್ದು ಅಮೋನಿಯಂ ಅನ್ನು ಹೊರತಂದು, ಕ್ಷಾರ ಸೇರಿಸಿ ಬಟ್ಟಿ ಇಳಿಸಿ, ಬೋರಿಕ್ ಆಮ್ಲದಲ್ಲಿ ಹಿಡಿದು, ತಿಳಿದ ಸಾಂದ್ರತೆಯ ಆಮ್ಲದಿಂದ ಅನುಮಾಪನ ಮಾಡಲಾಗುತ್ತದೆ.

ತಪ್ಪು ಹೆಚ್ಚಾಗಿ ನುಸುಳುವುದು ನಡುವಿನ ಹಂತದಲ್ಲಿ. ತೊಳೆದದ್ದು ಸಾಲದಿದ್ದರೆ ಉಳಿದ ಅಮೋನಿಯಂ ಅಸಿಟೇಟ್ ಸಾಮರ್ಥ್ಯದ ಲೆಕ್ಕಕ್ಕೆ ಸೇರಿ ಉತ್ತರ ಉಬ್ಬುತ್ತದೆ. ಅತಿಯಾಗಿ ತೊಳೆದರೆ ಜೇಡಿಗೆ ಅಂಟಿದ ಅಮೋನಿಯಂ ತಾನೂ ಜಲವಿಭಜನೆಯಿಂದ ಬಿಟ್ಟುಹೋಗುತ್ತದೆ. ಲವಣ ಕಳೆದ ಎರೆಮಣ್ಣಿನ ನುಣುಪು ಜೇಡಿ ಚದುರಿ ಶೋಧಕ ಕಾಗದದಿಂದ ಇಳಿದುಹೋಗುವುದೂ ಉಂಟು. ಕೆಳಗೆ ಬರುವ ಆಲ್ಕೊಹಾಲು ಕದಡಿದಂತೆ ಕಂಡರೆ ಜೇಡಿ ನಷ್ಟವಾಗುತ್ತಿದೆ ಎಂದೇ ಅರ್ಥ. ಎಲ್ಲಿ ನಿಲ್ಲಿಸಬೇಕೆಂದು ತಿಳಿಯಲು ಮೊದಲು ನೆಸ್ಲರ್ ಕಾರಕ ಬಳಕೆಯಲ್ಲಿತ್ತು, ಅಮೋನಿಯಂ ಇದ್ದರೆ ಅದು ಹಳದಿಗೆ ತಿರುಗುತ್ತದೆ. ಚಾಪ್‌ಮನ್ 1965ರಲ್ಲಿ ವಿವರಿಸಿದ ಕ್ರಮ ಇನ್ನೂ ಸ್ಪಷ್ಟ: ಅಸಿಟೇಟಿನ ನಂತರ ಅಮೋನಿಯಂ ಕ್ಲೋರೈಡ್ ಹುಯ್ದು, ಆಮೇಲೆ ತೊಳೆದ ಆಲ್ಕೊಹಾಲಿಗೆ ಬೆಳ್ಳಿ ನೈಟ್ರೇಟ್ ಹಾಕಿ ನೋಡುವುದು. ಬಿಳಿ ಗಸಿ ಬರುವುದು ನಿಂತಾಗ ತೊಳೆಯುವುದೂ ನಿಲ್ಲಬೇಕು. ಪಾದರಸದ ಕಾರಕವೂ ಬೇಕಿಲ್ಲ.

ಲವಣ ಮತ್ತು ಸುಣ್ಣದ ತೊಡಕು ಇದಕ್ಕಿಂತ ಆಳದ್ದು, ಎರಡೂ ಒಂದೇ ಬಗೆಯದಲ್ಲ. ಮಣ್ಣಿನ ನೀರಿನಲ್ಲಿ ಕರಗಿರುವ ಸೋಡಿಯಂ ಜೇಡಿಗೆ ಅಂಟಿದ್ದಲ್ಲ, ಆದರೂ ಅಸಿಟೇಟ್ ದ್ರವದಲ್ಲಿ ಅದೂ ಬಂದು ಸೇರುತ್ತದೆ. ಇದನ್ನು ಬೇರೆಯಾಗಿ ಅಳೆದು ಕಳೆದರೆ ಸಾಕು. ಸುಣ್ಣದ ಹಾವಳಿ ಎರಡು ಕಡೆ: ಅಸಿಟೇಟ್ ದ್ರಾವಣ ಕ್ಯಾಲ್ಸಿಯಂ ಕಾರ್ಬೊನೇಟನ್ನು ಕರಗಿಸುವುದರಿಂದ ವಿನಿಮಯದ ಕ್ಯಾಲ್ಸಿಯಂ ಸುಳ್ಳಾಗಿ ಹೆಚ್ಚುತ್ತದೆ; ಹಾಗೆ ಕರಗಿ ಬಂದ ಕ್ಯಾಲ್ಸಿಯಂ ಅಮೋನಿಯಂ ಜೊತೆ ಜಾಗಕ್ಕೆ ಪೈಪೋಟಿ ನಡೆಸಿ ಮಣ್ಣು ಪೂರ್ತಿ ಅಮೋನಿಯಂನಿಂದ ತುಂಬದಂತೆ ತಡೆಯುತ್ತದೆ, ಹೀಗಾಗಿ ಸಾಮರ್ಥ್ಯ ಸುಳ್ಳಾಗಿ ಕಡಿಮೆ ಬರುತ್ತದೆ. ಮೊದಲನೆಯದಕ್ಕೆ ಲೆಕ್ಕದ ತಿದ್ದುಪಡಿ ಸಾಧ್ಯ, ಎರಡನೆಯದಕ್ಕೆ ದ್ರಾವಣವನ್ನೇ ಬದಲಿಸಬೇಕು.

ಇದನ್ನು ಕಬಿನಿ ಬಯಲಿನ ಎರೆಮಣ್ಣಿನಂಥ ಒಂದು ಚೌಳು ಮಾದರಿಯ ಲೆಕ್ಕದಿಂದ ತಿಳಿಯಬಹುದು. ಸಂಖ್ಯೆಗಳನ್ನು ವಿವರಣೆಗಾಗಿ ಆರಿಸಿಕೊಂಡಿದೆ. ಓವನ್ನಿನಲ್ಲಿ ಒಣಗಿದ ತೂಕದಲ್ಲಿ 5 ಗ್ರಾಂ ಮಣ್ಣಿಗೆ 0.1 ನಾರ್ಮಲ್ ಆಮ್ಲ 20.3 ಮಿಲಿಲೀಟರ್ ಹಿಡಿಯಿತು, ಮಣ್ಣಿಲ್ಲದ ಖಾಲಿ ಪರೀಕ್ಷೆಗೆ 0.3. ವ್ಯತ್ಯಾಸ 20 ಮಿಲಿಲೀಟರ್, ಅಂದರೆ 2 ಮಿಲಿ ಇಕ್ವಿವಲೆಂಟ್. 100 ಗ್ರಾಮಿಗೆ 40. ಗಾಳಿಯಲ್ಲಿ ಒಣಗಿದ ಎರೆಮಣ್ಣು ಸಾಕಷ್ಟು ತೇವ ಹಿಡಿದಿರುವುದರಿಂದ ಈ ತೂಕದ ತಿದ್ದುಪಡಿ ಬಿಟ್ಟರೆ ಉತ್ತರ ಇಲ್ಲೇ ಕುಗ್ಗುತ್ತದೆ. ಅಸಿಟೇಟ್ ದ್ರವದಲ್ಲಿ ಕ್ಯಾಲ್ಸಿಯಂ 58, ಮೆಗ್ನೀಸಿಯಂ 9, ಸೋಡಿಯಂ 6.5, ಪೊಟ್ಯಾಸಿಯಂ 0.8 ಬಂದವು. ಒಟ್ಟು 74.3. ನಲವತ್ತು ಹಿಡಿಯುವ ಜಾಗದಲ್ಲಿ ಎಪ್ಪತ್ತನಾಲ್ಕು ಇರಲಾರವು. ಸುಣ್ಣ ಕರಗಿದೆ ಎಂಬುದಕ್ಕೆ ಪ್ರಯೋಗಾಲಯದಲ್ಲಿ ಸಿಗುವ ಮೊದಲ ಸುಳಿವು ಇದೇ.

ಸೋಡಿಯಂ ತಿದ್ದುಪಡಿಗೆ ಅಮೆರಿಕದ ಲವಣ ಮಣ್ಣು ಪ್ರಯೋಗಾಲಯ 1954ರ ತನ್ನ ಕೈಪಿಡಿ 60ರಲ್ಲಿ ಕೊಟ್ಟ ದಾರಿಯೇ ಇಂದಿಗೂ ಬಳಕೆಯಲ್ಲಿದೆ. ಮಣ್ಣನ್ನು ನೀರಿನಿಂದ ಮಿದುವಾದ ಪೇಸ್ಟಾಗಿ ಕಲಸಿ, ಹೀರಿ ತೆಗೆದ ದ್ರವದಲ್ಲಿ ಸೋಡಿಯಂ ಅಳೆಯಬೇಕು. ಇಲ್ಲಿ ಅದು ಲೀಟರಿಗೆ 30 ಮಿಲಿ ಇಕ್ವಿವಲೆಂಟ್, ಕಲಸಲು ಹಿಡಿದ ನೀರು ಮಣ್ಣಿನ ತೂಕದ 70 ಶೇಕಡಾ ಎಂದಿಟ್ಟುಕೊಂಡರೆ, ಕರಗಿದ ಸೋಡಿಯಂ 30 × 70 ÷ 1000, ಅಂದರೆ 100 ಗ್ರಾಮಿಗೆ 2.1. ಜೇಡಿಗೆ ಅಂಟಿದ್ದು 6.5ರಲ್ಲಿ 2.1 ಕಳೆದು 4.4. ಸಾಮರ್ಥ್ಯದ ಶೇಕಡಾವಾರು ಲೆಕ್ಕದಲ್ಲಿ ಇದು 11. ತಿದ್ದುಪಡಿ ಮಾಡದಿದ್ದರೆ 16.25. ಕೈಪಿಡಿ ಕ್ಷಾರ ಮಣ್ಣಿಗೆ ಹಾಕಿದ ಗೆರೆ 15, ಆದ್ದರಿಂದ ತಿದ್ದುಪಡಿಯೊಂದೇ ಮಣ್ಣಿನ ವರ್ಗವನ್ನು ಬದಲಿಸಿತು. ಸೋಡಿಯಂ ಪಾಲನ್ನು 10 ಶೇಕಡಾಕ್ಕೆ ಇಳಿಸಲು ಬೇಕಾದ ಜಿಪ್ಸಂ, ಮೇಲಿನ 15 ಸೆಂಟಿಮೀಟರ್ ಮಣ್ಣಿಗೆ, ತಪ್ಪು ಲೆಕ್ಕದಲ್ಲಿ ಹೆಕ್ಟೇರಿಗೆ ಸುಮಾರು 4.8 ಟನ್, ಸರಿ ಲೆಕ್ಕದಲ್ಲಿ ಸುಮಾರು 0.8 ಟನ್. ಎರೆಮಣ್ಣಿನಲ್ಲಿ 15ಕ್ಕಿಂತ ಸಾಕಷ್ಟು ಕೆಳಗೇ ತೊಂದರೆ ಕಾಣಿಸುವುದರಿಂದ ಆ ಗೆರೆಯನ್ನು ಭಾರತದಲ್ಲಿ ಕುರುಡಾಗಿ ಅನುಸರಿಸುವಂತಿಲ್ಲ ಎಂಬುದೂ ಇದರ ಜೊತೆಗಿದೆ.

ಒಂದು ಭಾಗ ಮಣ್ಣಿಗೆ ಐದು ಭಾಗ ನೀರು ಸೇರಿಸಿ ತೆಗೆದ ದ್ರವದಿಂದ ಈ ತಿದ್ದುಪಡಿ ಮಾಡುವುದು ಸುಲಭ, ಆದರೆ ಅಪಾಯಕರ. ನೀರು ಹೆಚ್ಚಾದಂತೆ ಜಿಪ್ಸಂ ಕರಗುತ್ತದೆ, ಕರಗಿದ ಕ್ಯಾಲ್ಸಿಯಂ ಜೇಡಿಯ ಸೋಡಿಯಂ ಅನ್ನು ಹೊರದೂಡುತ್ತದೆ. ಅಂಟಿದ್ದ ಸೋಡಿಯಂ ಕರಗಿದ್ದೆಂದು ಲೆಕ್ಕಕ್ಕೆ ಸೇರಿ ಕಳೆದುಹೋಗುತ್ತದೆ. ಕ್ಯಾಲ್ಸಿಯಂ ವಿಷಯದಲ್ಲಿ ನೇರ ಅಳತೆಯ ಆಸೆ ಬಿಟ್ಟು, ಸಾಮರ್ಥ್ಯದಿಂದ ಸೋಡಿಯಂ, ಪೊಟ್ಯಾಸಿಯಂ ಕಳೆದು ಉಳಿದ 34.8ನ್ನು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಎರಡಕ್ಕೂ ಸೇರಿಸಿ ಹೇಳುವುದು ರೂಢಿ.

ಇನ್ನು ಆ 40 ಎಂಬ ಸಂಖ್ಯೆಯೇ ನಂಬಿಕೆಗೆ ಅರ್ಹವೇ? ಸುಣ್ಣದ ಮಣ್ಣಿನಲ್ಲಿ ಅದು ಕಡಿಮೆಯಾಗಿರುವ ಸಾಧ್ಯತೆಯೇ ಹೆಚ್ಚು. 1952ರಲ್ಲಿ ಬೋವರ್ ಮತ್ತು ಸಂಗಡಿಗರು ಪಿಎಚ್ 8.2ರ ಸೋಡಿಯಂ ಅಸಿಟೇಟಿನಿಂದ ತುಂಬಿ, ಆಮೇಲೆ ಅಮೋನಿಯಂ ಅಸಿಟೇಟಿನಿಂದ ಸೋಡಿಯಂ ಹೊರದೂಡುವ ಕ್ರಮ ತಂದರು. ಆ ಪಿಎಚ್‌ನಲ್ಲಿ ಸುಣ್ಣ ಕಡಿಮೆ ಕರಗುತ್ತದೆ. ಆಸ್ಟ್ರೇಲಿಯಾದ ಟಕ್ಕರ್ 1954ರಲ್ಲಿ 60 ಶೇಕಡಾ ಆಲ್ಕೊಹಾಲಿನಲ್ಲಿ ಪಿಎಚ್ 8.5ರ ಅಮೋನಿಯಂ ಕ್ಲೋರೈಡ್ ಬಳಸಿ ಕರಗುವುದನ್ನು ಇನ್ನಷ್ಟು ತಗ್ಗಿಸಿದರು.

1977ರಲ್ಲಿ ಪೊಲೆಮಿಯೊ ಮತ್ತು ರೋಡ್ಸ್ ತೊಳೆಯುವ ಹಂತವನ್ನೇ ತೆಗೆದುಹಾಕಿದರು. ಅವರ ದ್ರಾವಣದಲ್ಲಿ 0.4 ನಾರ್ಮಲ್ ಸೋಡಿಯಂ ಅಸಿಟೇಟ್ ಜೊತೆ 0.1 ನಾರ್ಮಲ್ ಸೋಡಿಯಂ ಕ್ಲೋರೈಡ್ ಇರುತ್ತದೆ, ದ್ರಾವಕ 60 ಶೇಕಡಾ ಆಲ್ಕೊಹಾಲು, ಪಿಎಚ್ 8.2. ಇದರಲ್ಲಿ ಸೋಡಿಯಂನ ಪ್ರಮಾಣ ಕ್ಲೋರೈಡಿನ ಐದು ಪಟ್ಟು. ಮೆಗ್ನೀಸಿಯಂ ನೈಟ್ರೇಟಿನಿಂದ ಎಲ್ಲವನ್ನೂ ಹೊರತೆಗೆದಾಗ ಬಂದ ಕ್ಲೋರೈಡು ಕಣಗಳ ನಡುವೆ ಸಿಕ್ಕಿಕೊಂಡ ದ್ರಾವಣದ್ದೇ ಆಗಿರುವುದರಿಂದ, ಅದನ್ನು ಐದರಿಂದ ಗುಣಿಸಿ ಒಟ್ಟು ಸೋಡಿಯಂನಿಂದ ಕಳೆದರೆ ಉಳಿದದ್ದು ಸಾಮರ್ಥ್ಯ. ತೊಳೆಯುವಾಗಿನ ಎರಡು ವಿರುದ್ಧ ತಪ್ಪುಗಳೂ ಒಂದೇ ಏಟಿಗೆ ಹೋದವು.

ಮಲೆನಾಡು ಮತ್ತು ಕೊಡಗಿನ ಹುಳಿ ಮಣ್ಣಿನಲ್ಲಿ ತೊಡಕು ತಿರುಗುಮುರುಗು. ಅಲ್ಲಿ ಹ್ಯೂಮಸ್ ಮತ್ತು ಆಕ್ಸೈಡುಗಳ ವಿದ್ಯುದಂಶ ಪಿಎಚ್ ಜೊತೆ ಏರುವುದರಿಂದ, ಪಿಎಚ್ 7ರ ದ್ರಾವಣ ತೋಟದಲ್ಲಿಲ್ಲದ ಸಾಮರ್ಥ್ಯವನ್ನು ಪ್ರಯೋಗಾಲಯದಲ್ಲಿ ಹುಟ್ಟಿಸುತ್ತದೆ. ಅಲ್ಲಿ ವಿನಿಮಯದ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂ, ಪೊಟ್ಯಾಸಿಯಂ ಜೊತೆ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ ಬಂದ ಅಲ್ಯೂಮಿನಿಯಂ ಕೂಡಿಸಿ ಪರಿಣಾಮಕಾರಿ ಸಾಮರ್ಥ್ಯ ಎಂದು ಹೇಳುವುದು ಮೇಲು.

2015ರಲ್ಲಿ ಬಂದ ಮಣ್ಣು ಆರೋಗ್ಯ ಚೀಟಿಯ 12 ಅಂಶಗಳಲ್ಲಿ ವಿನಿಮಯ ಸಾಮರ್ಥ್ಯ ಇಲ್ಲ. ಒಂದು ಮಾದರಿಗೆ ಎರಡು ದಿನ ಹಿಡಿಯುವ ಕೆಲಸ ಸಾವಿರಾರು ಚೀಟಿಗಳಿಗೆ ಹೊಂದುವುದೂ ಇಲ್ಲ. ಅಮೋನಿಯಂ ಅಸಿಟೇಟ್ ಬಾಟಲಿ ಮಾತ್ರ ಆ ಪ್ರಯೋಗಾಲಯಗಳಲ್ಲಿ ದಿನವೂ ಬಳಕೆಯಾಗುತ್ತದೆ: ಲಭ್ಯ ಪೊಟ್ಯಾಷ್ ತೆಗೆಯುವುದು ಅದರಿಂದಲೇ. ಐದು ನಿಮಿಷ ಅಲುಗಾಡಿಸಿ, ಶೋಧಿಸಿ, ಫ್ಲೇಮ್ ಫೋಟೋಮೀಟರಿನಲ್ಲಿ ಓದುವ ಆ ಪರೀಕ್ಷೆಯಲ್ಲಿ ತೊಳೆಯುವುದೂ ಇಲ್ಲ, ಬಟ್ಟಿ ಇಳಿಸುವುದೂ ಇಲ್ಲ. ಸಾಮರ್ಥ್ಯದ ಪೂರ್ಣ ಅಳತೆ ಮಣ್ಣು ಸಮೀಕ್ಷೆ ಮತ್ತು ಸಂಶೋಧನೆಯ ಪ್ರಯೋಗಾಲಯಗಳಲ್ಲಿ ಉಳಿದಿದೆ. ಅಲ್ಲಿನ ವರದಿಗಳು ಸಂಖ್ಯೆಯ ಪಕ್ಕದಲ್ಲಿ ತುಂಬಿದ ಲವಣವನ್ನೂ ಪಿಎಚ್ ಅನ್ನೂ ನಮೂದಿಸುತ್ತವೆ, ಏಕೆಂದರೆ ಒಂದೇ ಎರೆಮಣ್ಣು ಪಿಎಚ್ 7ರಲ್ಲಿ ಒಂದು ಸಂಖ್ಯೆಯನ್ನೂ 8.2ರಲ್ಲಿ ಇನ್ನೊಂದನ್ನೂ ಕೊಡುತ್ತದೆ.